ಅಡ್ವಾನ್ಸ್ ಕೊಡುವ ಮುನ್ನ: ಬಾಡಿಗೆ ಮನೆಯ ನೀರು, ಬೋರ್‌ವೆಲ್, ಕರೆಂಟು

ಬೆಂಗಳೂರಿನ ಬಾಡಿಗೆ ಮನೆಗಳಿಗೆ ನೀರು ಬರುವುದು ಮೂರು ದಾರಿಗಳಿಂದ: ಜಲಮಂಡಳಿಯ ಕಾವೇರಿ ಕೊಳವೆ, ಕಟ್ಟಡದ ಸ್ವಂತ ಬೋರ್‌ವೆಲ್ ಮತ್ತು ಟ್ಯಾಂಕರ್. ಹೆಚ್ಚಿನ ಕಟ್ಟಡಗಳಲ್ಲಿ ಇವುಗಳಲ್ಲಿ ಎರಡು, ಕೆಲವೊಮ್ಮೆ ಮೂರೂ ಒಂದೇ ಸಂಪಿಗೆ ಬಂದು ಬೀಳುತ್ತವೆ. ಸಂಪಿನಿಂದ ಮೋಟಾರ್ ಮೂಲಕ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಂದ ನಲ್ಲಿಗೆ ಇಳಿಯುತ್ತವೆ. ಮನೆ ನೋಡಲು ಬಂದವರು ನಲ್ಲಿ ತಿರುಗಿಸಿದಾಗ ಕಾಣುವುದು ಈ ದಾರಿಯ ಕೊನೆಯ ತುದಿ ಮಾತ್ರ. ಆ ದಿನ ಟ್ಯಾಂಕಿನಲ್ಲಿ ನೀರಿದೆ ಎಂಬುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. "ನೀರಿಗೇನೂ ತೊಂದರೆ ಇಲ್ಲ" ಎಂಬ ಮಾಲೀಕರ ಉತ್ತರ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ದಿನಬಿಟ್ಟು ದಿನ ಕಾವೇರಿ ಬರುವ ಮನೆಗೂ, ತಿಂಗಳಿಗೆ ಹತ್ತು ಟ್ಯಾಂಕರ್ ತರಿಸುವ ಮನೆಗೂ ಅದೇ ಉತ್ತರ ಸಿಗುತ್ತದೆ. ಹಾಗಾಗಿ ನೀರು ಇದೆಯೇ ಎಂದು ಕೇಳಿದರೆ ಸಾಲದು. ಯಾವ ನೀರು, ಯಾವ ಹೊತ್ತಿಗೆ, ಎಷ್ಟು, ಕರೆಂಟ್ ಇಲ್ಲದಿದ್ದರೆ ಹೇಗೆ ಎಂದು ಮೂಲದಿಂದ ನಲ್ಲಿಯವರೆಗೆ ಒಂದೊಂದಾಗಿ ಕೇಳಬೇಕು.

ಮೊದಲನೆಯದು ಕಾವೇರಿ. ಈ ನೀರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಹರಿದು ಬರುತ್ತದೆ. ಬೆಂಗಳೂರು ನದಿಗಿಂತ ಬಹಳ ಎತ್ತರದಲ್ಲಿರುವುದರಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತಗಳಲ್ಲಿ ಪಂಪ್ ಮಾಡಿ, ಒಟ್ಟು ಸುಮಾರು ಅರ್ಧ ಕಿಲೋಮೀಟರ್ ಮೇಲಕ್ಕೆ ಎತ್ತಬೇಕು. ಈ ಸಾಲಿನಲ್ಲಿ ಒಂದು ಪಂಪ್‌ಹೌಸ್ ನಿಂತರೂ ನಗರದ ನಲ್ಲಿಗಳು ಒಣಗುತ್ತವೆ. 2022ರ ಸೆಪ್ಟೆಂಬರ್ ಮೊದಲ ವಾರದ ಭಾರಿ ಮಳೆಗೆ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೇ ನೀರು ನುಗ್ಗಿ ನಗರದ ಹಲವು ಬಡಾವಣೆಗಳಿಗೆ ಪೂರೈಕೆ ನಿಂತುಹೋಗಿತ್ತು. ರಸ್ತೆಯ ಮೇಲೆಲ್ಲ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ ಎಂಬ ಸ್ಥಿತಿ. ಕಾವೇರಿ ಸಂಪರ್ಕವಿರುವ ಮನೆಗೂ ಕೆಲವು ದಿನಗಳ ದಾಸ್ತಾನು ಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

"ಏರಿಯಾಗೆ ಕಾವೇರಿ ಬಂದಿದೆ" ಎಂಬ ಮಾತನ್ನು ಬಿಡಿಸಿ ನೋಡಬೇಕು. ಬಡಾವಣೆಯಲ್ಲಿ ಕೊಳವೆ ಹಾಕಿರುವುದು ಒಂದು ಹಂತ, ಕಟ್ಟಡಕ್ಕೆ ಸಂಪರ್ಕ ಪಡೆದಿರುವುದು ಇನ್ನೊಂದು, ಆ ಸಂಪರ್ಕದಲ್ಲಿ ನೀರು ಬರುತ್ತಿರುವುದು ಮತ್ತೊಂದು. 2007ರಲ್ಲಿ ನಗರದ ವ್ಯಾಪ್ತಿಗೆ ಸೇರಿದ 110 ಹಳ್ಳಿಗಳಲ್ಲಿ ಈ ವ್ಯತ್ಯಾಸ ತುಂಬ ದೊಡ್ಡದು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಆದರೆ ಸಂಪರ್ಕಕ್ಕೆ ಕಟ್ಟಡದ ಮಾಲೀಕರು ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಬೋರ್‌ವೆಲ್ ಇದ್ದೇ ಇದೆಯಲ್ಲ ಎಂದು ಅದನ್ನು ಮುಂದೂಡಿದವರು ಬಹಳ ಮಂದಿ. ಬೀದಿಯಲ್ಲಿ ಕೊಳವೆ ಇದ್ದು, ಪಕ್ಕದ ಮನೆಗೆ ನೀರು ಬಂದು, ನೋಡುತ್ತಿರುವ ಮನೆಗೆ ಬಾರದೆ ಇರುವುದು ಹೀಗೆ.

ಇದನ್ನು ಖಚಿತಪಡಿಸುವ ಕಾಗದ ಒಂದೇ: ಜಲಮಂಡಳಿಯ ತಿಂಗಳ ಬಿಲ್. ಅದರ ಮೇಲೆ ಆರ್.ಆರ್. ಸಂಖ್ಯೆ ಇರುತ್ತದೆ, ಆ ತಿಂಗಳ ಬಳಕೆ ಕಿಲೋಲೀಟರ್‌ನಲ್ಲಿ ಇರುತ್ತದೆ. ಒಂದು ಕಿಲೋಲೀಟರ್ ಎಂದರೆ ಸಾವಿರ ಲೀಟರ್. ನಾಲ್ಕು ಮನೆಗಳ ಕಟ್ಟಡಕ್ಕೆ ತಿಂಗಳಿಗೆ 25 ಕಿಲೋಲೀಟರ್ ಬಂದಿದ್ದರೆ ದಿನಕ್ಕೆ ಸುಮಾರು 830 ಲೀಟರ್ ಕಾವೇರಿ ನೀರು ಸಂಪಿಗೆ ಬಿದ್ದಿದೆ ಎಂದರ್ಥ. ಮೂರು-ನಾಲ್ಕು ಕಿಲೋಲೀಟರ್ ಎಂದಿದ್ದರೆ ಸಂಪರ್ಕ ಹೆಸರಿಗಷ್ಟೇ ಇದೆ. ಒಂದು ಬಿಲ್ ಸಾಲದು, ಮಾರ್ಚ್ ಅಥವಾ ಏಪ್ರಿಲ್ ತಿಂಗಳದ್ದೂ ಮಳೆಗಾಲದ್ದೂ ಬೇಕು. ಬಿಲ್ ತೋರಿಸಲು ಹಿಂದೇಟು ಹಾಕುವ ಮಾಲೀಕರು ವಿರಳ, ಯಾಕೆಂದರೆ ಅದರಲ್ಲಿ ಗುಟ್ಟಿನ ವಿಷಯವೇನೂ ಇಲ್ಲ. ಕೇಳುವವರೇ ಕಡಿಮೆ.

ನೀರು ಬಿಡುವ ಹೊತ್ತಿನ ಬಗ್ಗೆ ಕೇಳುವಾಗ ದಿನ, ಗಂಟೆ, ಒತ್ತಡ ಮೂರೂ ಬೇಕು. ನಗರದಲ್ಲಿ ಒಂದೊಂದು ಬಡಾವಣೆಗೂ ಒಂದೊಂದು ಸರದಿ ಇದೆ. ವಾಲ್ವ್‌ಮ್ಯಾನ್ ಬಂದು ವಾಲ್ವ್ ತಿರುಗಿಸಿದ ಮೇಲೆಯೇ ಆ ಬೀದಿಗೆ ನೀರು. ಕೆಲವು ಕಡೆ ದಿನಬಿಟ್ಟು ದಿನ ಬೆಳಗ್ಗೆ, ಇನ್ನು ಕೆಲವು ಕಡೆ ವಾರಕ್ಕೆ ಎರಡೇ ಸಲ, ಅದೂ ನಡುರಾತ್ರಿ. ನೀರು ತಾನಾಗಿ ಸಂಪಿಗೆ ಬೀಳುವ ವ್ಯವಸ್ಥೆ ಇದ್ದರೆ ರಾತ್ರಿ ಬಂದರೂ ಚಿಂತೆಯಿಲ್ಲ. ಸಂಪು ಇಲ್ಲದೆ ನೇರವಾಗಿ ಡ್ರಮ್ಮಿಗೆ ಹಿಡಿಯಬೇಕಾದ ಹಳೆಯ ವಠಾರದ ಮನೆಯಲ್ಲಿ, ರಾತ್ರಿ ಎರಡು ಗಂಟೆಯ ನೀರು ಎಂದರೆ ಯಾರಾದರೊಬ್ಬರ ನಿದ್ದೆಯೇ ಹೋಗುತ್ತದೆ. ಮಾಲೀಕರು ಬೇರೆ ಕಡೆ ಇದ್ದು ಎಲ್ಲ ಮನೆಗಳೂ ಬಾಡಿಗೆಯವೇ ಆಗಿದ್ದರೆ ಸಂಪಿನ ವಾಲ್ವ್, ಮೋಟಾರ್ ಸ್ವಿಚ್ ಯಾರ ಕೈಯಲ್ಲಿವೆ ಎಂಬುದೂ ಕೇಳಲೇಬೇಕಾದ ಪ್ರಶ್ನೆ. ಸ್ವಿಚ್ಚಿನ ಬೀಗದ ಕೈ ಊರಿಗೆ ಹೋದವರ ಜೇಬಿನಲ್ಲಿದ್ದರೆ ಸಂಪು ತುಂಬಿದ್ದೂ ಪ್ರಯೋಜನವಿಲ್ಲ.

ಗಂಟೆಗಿಂತ ಒತ್ತಡ ಮುಖ್ಯ. ಎರಡು ಗಂಟೆ ನೀರು ಬರುತ್ತದೆ ಎಂದರೆ ಒಂದು ಬೀದಿಯಲ್ಲಿ ಮೂರು ಸಾವಿರ ಲೀಟರ್ ಬೀಳಬಹುದು, ಅದೇ ಬೀದಿಯ ಏರುತುದಿಯಲ್ಲಿ ಐನೂರು. ಇದನ್ನು ಅಳೆಯುವುದು ಕಷ್ಟವಲ್ಲ. ನೀರು ಬರುವ ಮುಂಚೆ ಸಂಪಿನ ಮುಚ್ಚಳ ತೆಗೆದು ಒಣಗಿದ ಉದ್ದ ಕೋಲು ಇಳಿಸಿ ಒದ್ದೆಯಾದ ಗುರುತು ನೋಡಬೇಕು, ನಿಂತ ಮೇಲೆ ಮತ್ತೊಮ್ಮೆ ನೋಡಬೇಕು. ಒಂದು ಘನ ಅಡಿಗೆ ಸುಮಾರು 28 ಲೀಟರ್. ಎಂಟು ಅಡಿ ಉದ್ದ, ಆರು ಅಡಿ ಅಗಲದ ಸಂಪಿನಲ್ಲಿ ನೀರು ಒಂದು ಅಡಿ ಏರಿತೆಂದರೆ 1,350 ಲೀಟರ್ ಬಂದಂತೆ. ಮನೆ ಹುಡುಕುವವರಿಗೆ ಇಷ್ಟು ಬಿಡುವಿಲ್ಲದಿದ್ದರೆ ಕೆಳಗಿನ ಮನೆಯ ಬಾಡಿಗೆದಾರರನ್ನು ಕೇಳಿದರೂ ಸಾಕು. "ಒಂದು ಸಲ ಬಿಟ್ಟಾಗ ಸಂಪು ಎಷ್ಟು ತುಂಬುತ್ತೆ?" ಎಂಬ ಪ್ರಶ್ನೆಗೆ ಅಲ್ಲಿ ಇರುವವರಿಗೆ ಉತ್ತರ ಗೊತ್ತಿರುತ್ತದೆ.

ಎರಡನೆಯ ಮೂಲ ಬೋರ್‌ವೆಲ್. ಬಾಡಿಗೆದಾರರು ಅತಿ ಹೆಚ್ಚು ಮೋಸಹೋಗುವುದು ಇಲ್ಲೇ, ಏಕೆಂದರೆ ಬೋರ್‌ವೆಲ್‌ನ ಗುಣ ಮೇಲಿನಿಂದ ಕಾಣುವುದಿಲ್ಲ. ಬೆಂಗಳೂರಿನ ನೆಲ ಗ್ರಾನೈಟ್ ಮತ್ತು ನೈಸ್ ಬಂಡೆಯದು. ಮೇಲೆ ಒಂದಿಷ್ಟು ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಆಮೇಲೆ ಗಟ್ಟಿ ಬಂಡೆ. ನೀರು ನಿಲ್ಲುವುದು ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಬಂಡೆಯ ಮೈಯಲ್ಲಿ ನೀರಿಲ್ಲ. ಆದ್ದರಿಂದ ಒಂದು ನಿವೇಶನದಲ್ಲಿ ನೀರು ಸಿಕ್ಕು ಇಪ್ಪತ್ತು ಅಡಿ ಆಚೆ ಸಿಗದಿರುವುದು ಇಲ್ಲಿ ಸಹಜ. "ನಮ್ಮದು 1,200 ಅಡಿ ಬೋರು" ಎಂದು ಮಾಲೀಕರು ಹೆಮ್ಮೆಯಿಂದ ಹೇಳುವುದುಂಟು. ಅಷ್ಟು ಆಳಕ್ಕೆ ಹೋಗಬೇಕಾಯಿತೆಂದರೆ ಮೇಲಿನ ಪದರಗಳಲ್ಲಿ ಬೇಕಾದಷ್ಟು ನೀರು ಸಿಗಲಿಲ್ಲ ಎಂದೇ ಅರ್ಥ. ಆಳದ ಬಿರುಕುಗಳಿಗೆ ಮಳೆನೀರು ಇಳಿಯಲು ಬಹುಕಾಲ ಬೇಕು. ಆಳವನ್ನು ಭರವಸೆಯ ಗುರುತು ಎಂದು ತಿಳಿಯುವುದು ತಪ್ಪು.

"ಎರಡು ಇಂಚು ನೀರು ಬಿದ್ದಿದೆ" ಎಂಬ ಮಾತಿಗೂ ಅರ್ಥ ಬಿಡಿಸಬೇಕು. ಬೋರ್ ಕೊರೆಯುವಾಗ ಹೊರಬರುವ ನೀರನ್ನು ಇಂಗ್ಲಿಷಿನ ವಿ ಅಕ್ಷರದಂತೆ ಕತ್ತರಿಸಿದ ತಗಡಿನ ಮೂಲಕ ಹರಿಸಿ, ಆ ಕಂಡಿಯಲ್ಲಿ ನೀರು ಎಷ್ಟು ಇಂಚು ಎತ್ತರಕ್ಕೆ ನಿಂತಿತು ಎಂದು ಅಳೆಯುತ್ತಾರೆ. ಲಂಬಕೋನದ ಕಂಡಿಯಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಎಂದರೆ ಸುಮಾರು 2,900 ಲೀಟರ್. ಇಂಚು ಎರಡಾದರೆ ನೀರು ಎರಡು ಪಟ್ಟಾಗುವುದಿಲ್ಲ, ಐದೂವರೆ ಪಟ್ಟಾಗುತ್ತದೆ. ಹಾಗೆಯೇ ಎರಡಿಂಚಿನ ಬೋರ್ ಒಂದಿಂಚಿಗೆ ಇಳಿದರೆ ನೀರು ಅರ್ಧವಾಯಿತು ಎಂದುಕೊಳ್ಳಬಾರದು, ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿರುತ್ತದೆ. ಜೊತೆಗೆ ಈ ಅಳತೆ ಕೊರೆಸಿದ ದಿನದ್ದು. ಎಂಟು ವರ್ಷದ ಹಿಂದಿನ ಎರಡಿಂಚು ಈ ವರ್ಷದ ಏಪ್ರಿಲ್‌ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಮಾಲೀಕರು ಮೋಟಾರ್ ಹಾಕಿ "ನೋಡಿ, ಹೇಗೆ ಬರ್ತಿದೆ" ಎಂದು ತೋರಿಸಿದಾಗ ರಭಸ ಕಂಡು ಒಪ್ಪಿಕೊಳ್ಳುವುದೂ ಸಲ್ಲ. ಆರೂವರೆ ಇಂಚು ವ್ಯಾಸದ ಬೋರ್‌ನ ಒಂದು ಅಡಿಯಲ್ಲಿ ಸುಮಾರು ಆರೂವರೆ ಲೀಟರ್ ನೀರು ನಿಲ್ಲುತ್ತದೆ. ಪಂಪಿನ ಮೇಲೆ ಮುನ್ನೂರು ಅಡಿ ನೀರು ನಿಂತಿದ್ದರೆ ಅಲ್ಲಿ ಎರಡು ಸಾವಿರ ಲೀಟರ್‌ನಷ್ಟು ದಾಸ್ತಾನು ಇದೆ. ಗಂಟೆಗೆ ಐದು ಸಾವಿರ ಲೀಟರ್ ಎತ್ತುವ ಮೋಟಾರ್ ಅದನ್ನು ಅರ್ಧ ಗಂಟೆಯೊಳಗೆ ಖಾಲಿ ಮಾಡುತ್ತದೆ. ಆಮೇಲೆ ಬರುವುದು ಬಿರುಕುಗಳಿಂದ ಆಗಷ್ಟೇ ಒಸರಿದ ನೀರು ಮಾತ್ರ, ಬೋರ್‌ವೆಲ್‌ನ ನಿಜವಾದ ಶಕ್ತಿ ಅಷ್ಟೇ. ಮೋಟಾರ್ ಹಾಕಿದ ಕೂಡಲೇ ಇಪ್ಪತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಬೇಕು, ಒಂದು ಗಂಟೆಯ ನಂತರ ಅದೇ ಬಕೆಟ್ ಮತ್ತೆ ಹಿಡಿಯಬೇಕು. ಮೊದಲು 15 ಸೆಕೆಂಡ್, ಆಮೇಲೆ 18 ಆದರೆ ಬೋರ್ ಗಟ್ಟಿಯಾಗಿದೆ. 15 ಇದ್ದದ್ದು ನಿಮಿಷ ದಾಟಿ, ಪೈಪು ಗಾಳಿ ಉಗುಳುತ್ತ ಬಿಟ್ಟು ಬಿಟ್ಟು ಸುರಿಯತೊಡಗಿದರೆ, ನೀರು ಕೆಂಪಗೆ ಕೆಸರಾದರೆ, ಅದು ಬೇಸಿಗೆ ದಾಟುವ ಬೋರ್ ಅಲ್ಲ.

ಗಂಟೆಗಟ್ಟಲೆ ನಿಂತು ನೋಡಲಾಗದವರು ಮೋಟಾರ್ ನೋಡಿಕೊಳ್ಳುವವರ ಬಳಿ ಎರಡು ಮಾತು ಕೇಳಬಹುದು. ಒಂದು, "ಒಂದು ಸಲಕ್ಕೆ ಎಷ್ಟು ಹೊತ್ತು ಓಡಿಸ್ತೀರ, ಎಷ್ಟು ಹೊತ್ತು ಬಿಡ್ತೀರ?" ನಲವತ್ತು ನಿಮಿಷ ಓಡಿಸಿ ನಾಲ್ಕು ಗಂಟೆ ಬಿಡಬೇಕೆಂದರೆ ಬೋರ್ ಸೊರಗಿದೆ. ಪ್ಯಾನೆಲ್ ಬೋರ್ಡಿನ ಪಕ್ಕ ಟೈಮರ್ ಕೂರಿಸಿದ್ದರೆ ಅದರಲ್ಲಿ ಇಟ್ಟಿರುವ ಹೊತ್ತೇ ಈ ಕಥೆ ಹೇಳುತ್ತದೆ. ಎರಡನೆಯದು, "ಇತ್ತೀಚೆಗೆ ಪೈಪ್ ಇಳಿಸಿದ್ದೀರಾ?" ನೀರಿನ ಮಟ್ಟ ಕುಸಿದಾಗ ಹೊಸ ಪೈಪು ಜೋಡಿಸಿ ಪಂಪನ್ನು ಇನ್ನಷ್ಟು ಕೆಳಗೆ ಇಳಿಸುತ್ತಾರೆ. ಎರಡು ವರ್ಷದಲ್ಲಿ ಎರಡು ಸಲ ಇಳಿಸಿದ್ದರೆ, ಇನ್ನು ಇಳಿಸಲು ಬೋರ್‌ನಲ್ಲಿ ಜಾಗ ಎಷ್ಟು ಉಳಿದಿದೆ ಎಂಬುದೇ ಮುಂದಿನ ಪ್ರಶ್ನೆ. ಅಕ್ಕಪಕ್ಕದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿ ಕೊರೆಯುವ ಹೊಸ ಬೋರ್‌ಗಳು ಇದೇ ಬಿರುಕುಗಳಿಂದ ನೀರು ಹೀರಬಹುದು.

ಇದೆಲ್ಲಕ್ಕಿಂತ ಸುಲಭವಾಗಿ ಪರಿಶೀಲಿಸಬಹುದಾದ ಇನ್ನೊಂದು ಸಾಕ್ಷಿ ಇದೆ. ಅದು ಕಟ್ಟಡದ ಸಾಮಾನ್ಯ ಮೀಟರಿನ ಬೆಸ್ಕಾಂ ಬಿಲ್. ಬೋರ್ ಮೋಟಾರ್, ಸಂಪಿನ ಮೋಟಾರ್, ಮೆಟ್ಟಿಲಿನ ದೀಪ ಮೂರೂ ಸಾಮಾನ್ಯವಾಗಿ ಆ ಒಂದೇ ಮೀಟರಿನ ಮೇಲಿರುತ್ತವೆ. ಇವುಗಳಲ್ಲಿ ದೀಪದ ಖರ್ಚು ವರ್ಷವಿಡೀ ಹೆಚ್ಚು ಕಡಿಮೆ ಒಂದೇ. ಸಂಪಿನಿಂದ ಮೇಲಕ್ಕೆ ಎತ್ತುವ ಖರ್ಚೂ ಹಾಗೆಯೇ. ಏರಿಳಿಯುವುದು ಬೋರ್ ಮೋಟಾರ್ ಮಾತ್ರ. ಐದು ಎಚ್.ಪಿ. ಮೋಟಾರ್ ಗಂಟೆಗೆ ಸುಮಾರು ಐದು ಯೂನಿಟ್ ತಿನ್ನುತ್ತದೆ. ನವೆಂಬರ್‌ಗಿಂತ ಮಾರ್ಚ್ ಬಿಲ್‌ನಲ್ಲಿ ಯೂನಿಟ್‌ಗಳು ದುಪ್ಪಟ್ಟಾಗಿದ್ದು, ಮನೆಗಳಲ್ಲಿರುವ ಜನ ಅಷ್ಟೇ ಇದ್ದರೆ, ಅಷ್ಟೇ ನೀರಿಗಾಗಿ ಮೋಟಾರ್ ಹೆಚ್ಚು ಹೊತ್ತು ಓಡಿದೆ ಎಂದಾಯಿತು. ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಯೂನಿಟ್ ಬಿದ್ದುಹೋಗಿದ್ದರೆ ಇನ್ನೂ ಕೆಟ್ಟ ಸೂಚನೆ. ಬೋರ್ ನಿಂತು ಟ್ಯಾಂಕರ್ ಶುರುವಾಗಿರುತ್ತದೆ.

ನೀರಿನ ಗುಣವನ್ನು ಮನೆಯ ಗೋಡೆಗಳೇ ಹೇಳುತ್ತವೆ. ಬಚ್ಚಲಿನ ನಲ್ಲಿಯ ಬಾಯಿಗೆ, ಟೈಲ್ಸಿಗೆ ಬಿಳಿ ಪೊರೆ ಕಟ್ಟಿದ್ದರೆ ನೀರು ಗಡಸು, ಸೋಪು ನೊರೆಯಾಗದು, ಗೀಸರಿನ ಕಾಯಿಲ್ ಬೇಗ ಕೆಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಲೀಟರಿಗೆ 500 ಮಿಲಿಗ್ರಾಂವರೆಗಿನ ಕರಗಿದ ಲವಣಾಂಶ ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಅನುಮತಿ ಇದೆ. ಕಾವೇರಿ ನೀರು ಮೊದಲ ಮಿತಿಯೊಳಗೆ ಸುಲಭವಾಗಿ ನಿಲ್ಲುತ್ತದೆ, ಬೋರ್ ನೀರು ಎಷ್ಟೋ ಕಡೆ ಅದನ್ನು ದಾಟುತ್ತದೆ. ಅಡುಗೆಮನೆಗೆ ಕಾವೇರಿಯ ಪ್ರತ್ಯೇಕ ನಲ್ಲಿ ಇದೆಯೇ, ಇಲ್ಲವೇ ಎರಡೂ ಒಂದೇ ಸಂಪಿನಲ್ಲಿ ಬೆರೆಯುತ್ತವೆಯೇ ಎಂದು ಕೇಳಿದರೆ ಕುಡಿಯುವ ನೀರಿನ ಖರ್ಚು ಗೊತ್ತಾಗುತ್ತದೆ.

ಈಗ ಕರೆಂಟು. ನೀರಿನ ಪ್ರಶ್ನೆಯನ್ನೂ ಕರೆಂಟಿನ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳುವುದು ರೂಢಿ. ನಿಜದಲ್ಲಿ ಅವು ಒಂದೇ. ಬೋರ್‌ನಿಂದ ಸಂಪಿಗೆ ಒಂದು ಮೋಟಾರ್, ಸಂಪಿನಿಂದ ಟ್ಯಾಂಕಿಗೆ ಇನ್ನೊಂದು. ಕರೆಂಟ್ ಹೋದಾಗ ಮನೆಗೆ ಉಳಿಯುವುದು ಮೇಲಿನ ಟ್ಯಾಂಕಿನಲ್ಲಿ ಇರುವಷ್ಟು ನೀರು ಮಾತ್ರ. ನಗರದ ನೀರು ಪೂರೈಕೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಅಳತೆ ಬಳಕೆಯಲ್ಲಿದೆ. ಆ ಲೆಕ್ಕದಲ್ಲಿ ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ 540 ಲೀಟರ್. ಮನೆಯ ಪಾಲಿನ ಟ್ಯಾಂಕು 500 ಲೀಟರಿನದಾದರೆ ಅದು ಒಂದೇ ದಿನದ ದಾಸ್ತಾನು. ಬೆಸ್ಕಾಂ ನಿರ್ವಹಣೆಗೆಂದು ಮೊದಲೇ ತಿಳಿಸಿ ಬೆಳಗ್ಗೆಯಿಂದ ಸಂಜೆಯವರೆಗೆ ಕರೆಂಟ್ ತೆಗೆಯುವ ದಿನಗಳನ್ನು ಇದು ದಾಟಿಸುತ್ತದೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಕಂಬ ಮುರಿದಾಗ, ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಕತ್ತಲು ಒಂದು ದಿನ ದಾಟುವುದುಂಟು. ಪರೀಕ್ಷೆ ಇರುವುದು ಆಗ. ಇನ್ನೊಂದು ಸಣ್ಣ ವಿಷಯವಿದೆ: ಬೋರ್ ಮೋಟಾರ್‌ಗಳು ಹೆಚ್ಚಾಗಿ ತ್ರೀ ಫೇಸ್. ಒಂದು ಫೇಸ್ ಹೋದರೂ ಅವು ಓಡುವುದಿಲ್ಲ. ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ನೀರು ಮಾತ್ರ ಇರುವುದಿಲ್ಲ.

"ಇನ್ವರ್ಟರ್ ಇದೆ" ಎಂಬ ಉತ್ತರದಿಂದ ನೀರಿನ ಸಮಸ್ಯೆ ಬಗೆಹರಿಯುವುದಿಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ ಸುಮಾರು 1.8 ಯೂನಿಟ್ ಇದೆ, ಕೈಗೆ ಸಿಗುವುದು 1.2 ಯೂನಿಟ್ ಆಸುಪಾಸು. ಎರಡು-ಮೂರು ಫ್ಯಾನ್, ಕೆಲವು ಎಲ್‌ಇಡಿ ದೀಪ, ಇಂಟರ್‌ನೆಟ್ ಡಬ್ಬಿ ಸೇರಿ 250 ವ್ಯಾಟ್ ಎಂದಿಟ್ಟರೆ ಐದು ಗಂಟೆಯೊಳಗೆ ಅದು ಮುಗಿಯುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಎರಡೇ ಗಂಟೆ. ಒಂದು ಎಚ್.ಪಿ. ಮೋಟಾರ್ ಓಡುವಾಗಲೇ ಸಾವಿರ ವ್ಯಾಟ್ ಬೇಡುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದರ ಕೆಲವು ಪಟ್ಟು. ಮನೆಯ ಸಣ್ಣ ಇನ್ವರ್ಟರ್ ಅದನ್ನು ಎಬ್ಬಿಸಲಾರದು. ಮನೆ ನೋಡುವಾಗ ಇನ್ವರ್ಟರಿಗೆ ಬೇರೆ ವೈರಿಂಗ್ ಇದೆಯೇ, ಯಾವ ಕೋಣೆಯ ಯಾವ ಸ್ವಿಚ್ಚುಗಳು ಅದರ ಮೇಲಿವೆ ಎಂದು ಮೇನ್ ಇಳಿಸಿ ನೋಡುವುದು ಒಂದು ನಿಮಿಷದ ಕೆಲಸ.

ಅಪಾರ್ಟ್‌ಮೆಂಟುಗಳಲ್ಲಿ ಜನರೇಟರ್ ಇರುತ್ತದೆ. ಅಲ್ಲಿ "ಪವರ್ ಬ್ಯಾಕಪ್ ಇದೆ" ಎಂಬ ಮಾತಿಗೆ ಕನಿಷ್ಠ ಮೂರು ಅರ್ಥಗಳಿವೆ. ಲಿಫ್ಟ್ ಮತ್ತು ಮೆಟ್ಟಿಲಿನ ದೀಪಕ್ಕೆ ಮಾತ್ರ ಇರಬಹುದು. ಪ್ರತಿ ಮನೆಗೂ ಇಂತಿಷ್ಟು ವ್ಯಾಟ್ ಎಂದು ಮಿತಿ ಹಾಕಿ, ಮಿಕ್ಸಿ ಹಾಕಿದರೆ ಟ್ರಿಪ್ ಆಗುವಂತೆ ಇರಬಹುದು. ಇಲ್ಲವೇ ಮನೆಯ ಪೂರ್ಣ ಬಳಕೆಗೆ ಇರಬಹುದು. ನೀರೆತ್ತುವ ಪಂಪ್ ಜನರೇಟರ್ ಮೇಲಿದೆಯೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಕೆಲವು ಹೊಸ ಕಟ್ಟಡಗಳಲ್ಲಿ ಮೇಲೆ ಟ್ಯಾಂಕೇ ಇಲ್ಲದೆ, ಒತ್ತಡದ ಪಂಪುಗಳು ಸಂಪಿನಿಂದ ನೇರವಾಗಿ ಮನೆಗಳಿಗೆ ನೀರು ತಳ್ಳುತ್ತವೆ. ಅಂಥ ಕಡೆ ಪಂಪಿಗೆ ಬ್ಯಾಕಪ್ ಇಲ್ಲದಿದ್ದರೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ನಲ್ಲಿ ನಿಲ್ಲುತ್ತದೆ. ಜನರೇಟರ್ ಯೂನಿಟ್ಟಿನ ದರವನ್ನೂ ಕೇಳಬೇಕು. ಒಂದು ಲೀಟರ್ ಡೀಸೆಲ್‌ಗೆ ಸಿಗುವುದು ಮೂರು, ಮೂರೂವರೆ ಯೂನಿಟ್. ಆದ್ದರಿಂದ ಆ ಯೂನಿಟ್ ಬೆಸ್ಕಾಂ ಯೂನಿಟ್ಟಿಗಿಂತ ಹಲವು ಪಟ್ಟು ದುಬಾರಿ. ಜನರೇಟರ್ ಮತ್ತು ವಿದ್ಯುತ್ ಪ್ಯಾನೆಲ್ ಎಲ್ಲಿವೆ ಎಂದು ಕೆಳಗಿಳಿದು ನೋಡಬೇಕು. 2022ರ ಅದೇ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಗಳಿಗೆ ನೀರು ನುಗ್ಗಿ ಎಷ್ಟೋ ಕಟ್ಟಡಗಳು ಕತ್ತಲಾದವು. ನೆಲಮಾಳಿಗೆಯಲ್ಲಿ ಪ್ಯಾನೆಲ್ ಮುಳುಗಿದರೆ ಜನರೇಟರ್ ಇದ್ದೂ ಇಲ್ಲದಂತೆ.

ಈ ಲೆಕ್ಕಗಳನ್ನೆಲ್ಲ ಒಂದು ಉದಾಹರಣೆಗೆ ಹಚ್ಚಿ ನೋಡಬಹುದು. ನಗರದ ಹೊರವಲಯದಲ್ಲಿ ಒಂದು ಕಟ್ಟಡ, ನಾಲ್ಕು ಮನೆ, ಹದಿನೈದು ಜನ ಎಂದಿಟ್ಟುಕೊಳ್ಳೋಣ. ದಿನಕ್ಕೆ ಬೇಕಾದ ನೀರು ಸುಮಾರು ಎರಡು ಸಾವಿರ ಲೀಟರ್. ಸಂಪು ಎಂಟು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳ. ಲೆಕ್ಕಕ್ಕೆ 6,800 ಲೀಟರ್. ಮೇಲೆ ಅರ್ಧ ಅಡಿ ಖಾಲಿ ಇರುತ್ತದೆ, ಕೆಳಗೆ ಫುಟ್‌ವಾಲ್ವ್‌ಗೆ ಸಿಗದ ಅರ್ಧ ಅಡಿ ಇರುತ್ತದೆ. ಬಳಕೆಗೆ ಸಿಗುವುದು 5,400 ಲೀಟರ್. ಕಾವೇರಿ ದಿನಬಿಟ್ಟು ದಿನ ಎರಡು ಗಂಟೆ ಬರುತ್ತದೆ, ಒಂದು ಸಲಕ್ಕೆ ಸಂಪು ಒಂದೂಕಾಲು ಅಡಿ ಏರುತ್ತದೆ. ಅಂದರೆ 1,700 ಲೀಟರ್, ದಿನದ ಲೆಕ್ಕದಲ್ಲಿ 850. ಜಲಮಂಡಳಿ ಬಿಲ್‌ನಲ್ಲಿ ಕಾಣುವ 25 ಕಿಲೋಲೀಟರ್ ಇದಕ್ಕೆ ತಾಳೆಯಾಗುತ್ತದೆ. ಉಳಿದ 1,150 ಲೀಟರ್ ಪ್ರತಿದಿನ ಬೋರ್‌ನಿಂದಲೇ ಬರಬೇಕು.

ಸಾಮಾನ್ಯ ಮೀಟರಿನ ಬಿಲ್ ನವೆಂಬರ್‌ನಲ್ಲಿ 100 ಯೂನಿಟ್, ಮಾರ್ಚ್‌ನಲ್ಲಿ 250 ಎಂದಿರಲಿ. ದೀಪಕ್ಕೂ ಸಂಪಿನ ಮೋಟಾರಿಗೂ 40 ಕಳೆದರೆ ಬೋರ್ ಮೋಟಾರ್ ನವೆಂಬರ್‌ನಲ್ಲಿ 60 ಯೂನಿಟ್, ಮಾರ್ಚ್‌ನಲ್ಲಿ 210 ಯೂನಿಟ್ ತಿಂದಿದೆ. ಗಂಟೆಗೆ ಐದು ಯೂನಿಟ್‌ನಂತೆ ಮೊದಲನೆಯದು 12 ಗಂಟೆ, ಎರಡನೆಯದು 42 ಗಂಟೆ. ತಿಂಗಳಿಗೆ ಎತ್ತಿದ ನೀರು ಎರಡೂ ಸಲ ಸುಮಾರು 34,500 ಲೀಟರ್. ನವೆಂಬರ್‌ನಲ್ಲಿ ಗಂಟೆಗೆ 2,900 ಲೀಟರ್ ಕೊಟ್ಟ ಬೋರ್ ಮಾರ್ಚ್‌ನಲ್ಲಿ 820ಕ್ಕೆ ಇಳಿದಿದೆ. ಮಳೆ ತಡವಾದರೆ ಮೇ ತಿಂಗಳಿಗೆ ಇದು ಉಳಿಯುವುದು ಅನುಮಾನ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಬೋರ್ ನಿಂತರೆ ಆ 34,500 ಲೀಟರಿಗೆ ಆರು ಸಾವಿರ ಲೀಟರಿನ ಆರು ಟ್ಯಾಂಕರ್ ಬೇಕು. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿ, ಟ್ಯಾಂಕರ್ ದರ ಹಲವು ಕಡೆ ದುಪ್ಪಟ್ಟಾದಾಗ, ನಗರ ಜಿಲ್ಲಾಡಳಿತ ಮಾರ್ಚ್‌ನಲ್ಲಿ ದರ ನಿಗದಿ ಮಾಡಿತ್ತು. ಆರು ಸಾವಿರ ಲೀಟರಿಗೆ ಐದು ಕಿಲೋಮೀಟರ್ ಒಳಗೆ 600 ರೂಪಾಯಿ, ಹತ್ತು ಕಿಲೋಮೀಟರ್ ಒಳಗೆ 750. ಆ ಎರಡನೆಯ ದರದಲ್ಲೇ ಲೆಕ್ಕ ಹಾಕಿದರೂ ತಿಂಗಳಿಗೆ 4,500 ರೂಪಾಯಿ, ಮನೆಗೆ ಸುಮಾರು 1,100. ಹಣ ಒಂದು ಕಡೆಯಾದರೆ, ಜಾಗ ಇನ್ನೊಂದು ಕಡೆ. ಈ ಸಂಪಿಗೆ ಆರು ಸಾವಿರ ಲೀಟರ್ ಇಳಿಸಬೇಕಾದರೆ ಅದು ಬಹುತೇಕ ಖಾಲಿಯಾಗಿರಬೇಕು. ಅಂದರೆ ಪ್ರತಿ ಸಲವೂ ನೀರು ಮುಗಿಯುವ ಅಂಚಿಗೆ ಬಂದ ಮೇಲೆಯೇ ಟ್ಯಾಂಕರ್ ಕರೆಯಬೇಕು, ಅದು ಒಂದು ದಿನ ತಡವಾದರೆ ಪಾತ್ರೆ ತೊಳೆಯಲೂ ಇರುವುದಿಲ್ಲ. ಅಗ್ಗವಾಗಿ ಬೀಳುವ 12,000 ಲೀಟರಿನ ದೊಡ್ಡ ಟ್ಯಾಂಕರ್ ಇಲ್ಲಿ ಉಪಯೋಗಕ್ಕೇ ಬಾರದು, ಗಲ್ಲಿ ಇಕ್ಕಟ್ಟಾದರೆ ಒಳಗೆ ತಿರುಗುವುದೂ ಇಲ್ಲ. ಗೇಟಿನ ಬಳಿ ಗೋಡೆಯ ಮೇಲೆ ಟ್ಯಾಂಕರಿನವರ ಫೋನ್ ನಂಬರ್ ಬರೆದಿದ್ದರೆ, ಬಾಡಿಗೆದಾರರ ಬಚ್ಚಲುಗಳಲ್ಲಿ ನೀಲಿ ಡ್ರಮ್ಮುಗಳು ಕಂಡರೆ ಉಳಿದದ್ದನ್ನು ಊಹಿಸಬಹುದು.

ಇದೇ ಕಟ್ಟಡದಲ್ಲಿ ಮೂವತ್ತಾರು ಗಂಟೆ ಕರೆಂಟ್ ಇಲ್ಲದಿದ್ದರೆ ಏನಾಗುತ್ತದೆ? ಸಂಪಿನಲ್ಲಿ ಐದು ಸಾವಿರ ಲೀಟರ್ ಇರುವಾಗಲೇ ಎರಡನೆಯ ದಿನ ಎಲ್ಲ ಮನೆಗಳ ಟ್ಯಾಂಕೂ ಬರಿದಾಗುತ್ತದೆ. ಹಗ್ಗ ಕಟ್ಟಿ ಬಕೆಟ್ ಇಳಿಸಿ, ಎರಡನೇ ಮಹಡಿಗೆ ಹೊರಬೇಕಾಗುತ್ತದೆ. ವಯಸ್ಸಾದವರಿರುವ ಮನೆಗೆ ಇದು ಆಗದ ಮಾತು. ಪರಿಹಾರ ದೊಡ್ಡದೇನಲ್ಲ. ಒಂದು ಎಚ್.ಪಿ. ಮೋಟಾರ್ ಇಷ್ಟು ಎತ್ತರಕ್ಕೆ ಗಂಟೆಗೆ ಎರಡು ಸಾವಿರ ಲೀಟರ್‌ನಷ್ಟು ಎತ್ತಬಲ್ಲದು. ಸಂಪಿನ ಮೋಟಾರಿಗೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಬಾಡಿಗೆಗೆ ಸಿಗುವ ಮೂರು ಕಿಲೋವ್ಯಾಟಿನ ಸಣ್ಣ ಜನರೇಟರನ್ನು ದಿನಕ್ಕೊಂದು ಗಂಟೆ ಓಡಿಸಿದರೆ ಇಡೀ ಕಟ್ಟಡದ ಒಂದು ದಿನದ ನೀರು ಮೇಲೇರುತ್ತದೆ. ಹೀಗಾಗಿ ಮಾಲೀಕರನ್ನು ಕೇಳಬೇಕಾದದ್ದು ಜನರೇಟರ್ ಇದೆಯೇ ಎಂದಲ್ಲ, ಬೇಕಾದಾಗ ಮೋಟಾರಿಗೆ ಜನರೇಟರ್ ಜೋಡಿಸಲು ಸ್ವಿಚ್ ಇದೆಯೇ ಎಂದು. ಇಲ್ಲದಿದ್ದರೆ ಹಾಕಿಸಿಕೊಡಿ ಎನ್ನಬಹುದು, ಮನೆಗೆ ಬರುವ ಮುನ್ನ ಕೇಳಿದರೆ ಒಪ್ಪುವವರು ಹೆಚ್ಚು. ಹಬ್ಬದ ಸಾಲಿನಲ್ಲಿ ಅಳವಡಿಸಿದ ದೀಪದ ಸರದಂತೆ ವೈರನ್ನು ಹೇಗೆಂದರೆ ಹಾಗೆ ಚುಚ್ಚುವುದು ಮಾತ್ರ ಕೂಡದು. ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಿದರೆ ಕರೆಂಟ್ ಹಿಮ್ಮುಖವಾಗಿ ಬೀದಿಯ ಲೈನಿಗೆ ಹರಿದು, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮ್ಯಾನ್ ಪ್ರಾಣಕ್ಕೇ ಕುತ್ತು.

ಕೇಳಿ ತಿಳಿದದ್ದನ್ನು ಕರಾರು ಪತ್ರದಲ್ಲಿ ಬರೆಸದಿದ್ದರೆ ಅದು ಬಾಯಿಮಾತಾಗಿಯೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಕರಾರೇ ರೂಢಿ, ಹಲವು ತಿಂಗಳ ಬಾಡಿಗೆ ಅಡ್ವಾನ್ಸ್ ಆಗಿ ಮಾಲೀಕರ ಬಳಿ ಇರುತ್ತದೆ. ನೀರಿಲ್ಲವೆಂದು ನಡುವೆ ಮನೆ ಬಿಡಲು ಹೊರಟರೆ ಆ ಹಣ ಪೂರ್ತಿ ಕೈಗೆ ಬರುವ ಖಾತ್ರಿ ಇಲ್ಲ. ಅಚ್ಚು ಹಾಕಿದ ಕರಾರುಗಳಲ್ಲಿ "ನೀರು ಮತ್ತು ವಿದ್ಯುತ್ ಶುಲ್ಕ ಬಾಡಿಗೆದಾರರದ್ದು" ಎಂಬ ಒಂದೇ ಸಾಲು ಇರುತ್ತದೆ. ಟ್ಯಾಂಕರ್ ಖರ್ಚೂ ಅದರೊಳಗೆ ಬರುತ್ತದೆ ಎಂದು ಮಾಲೀಕರು ವಾದಿಸಬಹುದು. ಆ ಸಾಲಿನ ಕೆಳಗೆ ಇನ್ನು ಕೆಲವು ವಾಕ್ಯ ಸೇರಿಸಿದರೆ ಸಾಕು: ಟ್ಯಾಂಕರ್ ಖರ್ಚು ಯಾರದು, ಹಂಚುವುದಾದರೆ ಮನೆಯ ಲೆಕ್ಕವೋ ತಲೆಯ ಲೆಕ್ಕವೋ, ಬೋರ್ ಅಥವಾ ಸಂಪಿನ ಮೋಟಾರ್ ಕೆಟ್ಟರೆ ಎಷ್ಟು ದಿನದೊಳಗೆ ಮಾಲೀಕರು ಸರಿಪಡಿಸಬೇಕು, ಅಲ್ಲಿಯವರೆಗಿನ ನೀರು ಯಾರ ಖರ್ಚು, ಇಂತಿಷ್ಟು ದಿನ ನೀರೇ ಇಲ್ಲದಿದ್ದರೆ ನೋಟಿಸ್ ಅವಧಿಯಿಲ್ಲದೆ, ಅಡ್ವಾನ್ಸ್ ಕಡಿತವಿಲ್ಲದೆ ಮನೆ ಬಿಡಬಹುದೇ.

ಒಳ್ಳೆಯ ಮಾಲೀಕರಿಗೆ ಈ ವಾಕ್ಯಗಳಿಂದ ನಷ್ಟವಿಲ್ಲ, ಬಾಡಿಗೆದಾರರ ನಡುವಿನ ಜಗಳ ತಪ್ಪುತ್ತದೆ. ಎರಡು ತಿಂಗಳ ಬಿಲ್ ತೋರಿಸದ, ಟ್ಯಾಂಕರ್ ಖರ್ಚು ಯಾರದೆಂದು ಬರೆದುಕೊಡಲು ಒಪ್ಪದ ಮನೆ ಎಷ್ಟೇ ಗಾಳಿ-ಬೆಳಕಿನದಾಗಿದ್ದರೂ ಅದಕ್ಕೆ ಅಡ್ವಾನ್ಸ್ ಕೊಡಬಾರದು.